‘ಹೋದ’ ಆದಮೇಲೆ ‘ಳು’ ಬರುವುದು ಹೇಗೆ? ಅಟೆನ್ಶನ್ ಅನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡೋಣ

ಮೊದಲು ಈ ವಾಕ್ಯ ಓದಿ. ಕೊನೆಯ ತುಂಡನ್ನು ಬೇಕಂತಲೇ ಬಿಟ್ಟಿದ್ದೇನೆ.

ತಂಗಿ ಅಣ್ಣ ಮರೆತ ಪುಸ್ತಕ ತರಲು ಮತ್ತೆ ಲೈಬ್ರರಿಗೆ ಹೋದ…

ನೀವು ಯೋಚನೆಯೇ ಮಾಡದೆ ‘ಳು’ ಸೇರಿಸಿಬಿಟ್ಟಿರಿ, ಅಲ್ವಾ? ಹೋದವಳು ತಂಗಿ. ಆದರೆ ‘ತಂಗಿ’ ಕೂತಿರುವುದು ವಾಕ್ಯದ ಆ ತುದಿಯಲ್ಲಿ, ‘ಹೋದ’ ಇರುವುದು ಈ ತುದಿಯಲ್ಲಿ. ನಡುವೆ ಆರು ಪದ. ಅದೂ ಸಾಲದು ಅಂತ, ತಂಗಿಗಿಂತ ಹತ್ತಿರದಲ್ಲಿ ‘ಅಣ್ಣ’ ಬೇರೆ ಇದ್ದಾನೆ. ಹತ್ತಿರದ ಹೆಸರನ್ನು ಹಿಡಿದರೆ ‘ಹೋದನು’ ಆಗಿಬಿಡುತ್ತದೆ.

ಪಠ್ಯ ಬರೆಯುವ ಎಐನಲ್ಲಿ ಬಳಸುವ ಟ್ರಾನ್ಸ್‌ಫಾರ್ಮರ್ ಮಾದರಿ ಒಂದೊಂದೇ ಟೋಕನ್, ಅಂದರೆ ಒಂದು ಪದ ಅಥವಾ ಪದದ ತುಂಡು, ಊಹಿಸುತ್ತಾ ಹೋಗುತ್ತದೆ. ‘ಹೋದ’ ತನಕ ಬಂದು ನಿಂತಾಗ ಅದಕ್ಕೂ ಇದೇ ಪ್ರಶ್ನೆ. ಅದು ಅಟೆನ್ಶನ್ ಅನ್ನುವ ಲೆಕ್ಕದಿಂದ ತಂಗಿಯ ತನಕ ಹೇಗೆ ಕೈ ಚಾಚುತ್ತದೆ ಅನ್ನುವುದನ್ನು ಈ ಒಂದೇ ವಾಕ್ಯ ಇಟ್ಟುಕೊಂಡು, ಚಿಕ್ಕ ಚಿಕ್ಕ ಸಂಖ್ಯೆಗಳಲ್ಲಿ ಲೆಕ್ಕ ಮಾಡಿ ನೋಡೋಣ. ಕೂಡುವುದು, ಗುಣಿಸುವುದು ಗೊತ್ತಿದ್ದರೆ ಸಾಕು. ಒಂದು ಕಡೆ ಮಾತ್ರ ಕ್ಯಾಲ್ಕುಲೇಟರ್ ಬೇಕಾಗುತ್ತದೆ.

ಹಳೆಯ ದಾರಿಯ ತೊಂದರೆ ಏನಿತ್ತು ಅಂತ ಎರಡು ಮಾತು. ಟ್ರಾನ್ಸ್‌ಫಾರ್ಮರ್‌ಗಿಂತ ಮೊದಲು ಈ ಕೆಲಸಕ್ಕೆ ಜಾಸ್ತಿ ಬಳಕೆಯಲ್ಲಿದ್ದದ್ದು ಆರ್‌ಎನ್‌ಎನ್, ಎಲ್‌ಎಸ್‌ಟಿಎಂ ತರಹದ ಜಾಲಗಳು. ಅವು ಎಡದಿಂದ ಬಲಕ್ಕೆ ಒಂದೊಂದೇ ಪದ ಓದಿ, ಓದಿದ್ದನ್ನೆಲ್ಲ ಸಂಖ್ಯೆಗಳ ಒಂದೇ ಪಟ್ಟಿಯಲ್ಲಿ ತುಂಬಿಕೊಂಡು ಮುಂದಕ್ಕೆ ಸಾಗಿಸುತ್ತಿದ್ದವು. ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ನೆನಪಿಸಿಕೊಳ್ಳಿ: ತಂಗಿಯ ಸುದ್ದಿ ‘ಹೋದ’ವನ್ನು ತಲುಪಬೇಕಾದರೆ ಏಳು ಸಲ ಕೈ ಬದಲಾಯಿಸಬೇಕು, ಪ್ರತಿ ಸಲವೂ ಹೊಸ ಪದದ ಸುದ್ದಿ ಅದರ ಮೇಲೆ ಬಂದು ಬೀಳುತ್ತದೆ. 2017ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಈ ಸಾಲನ್ನೇ ಕಿತ್ತು ಹಾಕಿತು. ಅಲ್ಲಿ ‘ಹೋದ’ ನೇರವಾಗಿ ‘ತಂಗಿ’ಯನ್ನೇ ನೋಡುತ್ತದೆ. ಒಂದೇ ನೆಗೆತ. ನಡುವೆ ಆರು ಪದ ಇದ್ದರೂ ಅಷ್ಟೇ, ಅರವತ್ತು ಇದ್ದರೂ ಅಷ್ಟೇ.

ಹೆಜ್ಜೆ 1: ಪ್ರತಿ ಪದಕ್ಕೂ ಮೂರು ಪಟ್ಟಿ

ಮಾದರಿಯೊಳಗೆ ಪ್ರತಿ ಪದವೂ ಒಂದು ವೆಕ್ಟರ್, ಅಂದರೆ ಸಂಖ್ಯೆಗಳ ಒಂದು ಪಟ್ಟಿ. ಅಟೆನ್ಶನ್ ಆ ಪಟ್ಟಿಯನ್ನು ಮೂರು ಬೇರೆ ಬೇರೆ ಮ್ಯಾಟ್ರಿಕ್ಸ್‌ಗಳಿಂದ, ಅಂದರೆ ಸಂಖ್ಯೆಗಳ ಕೋಷ್ಟಕಗಳಿಂದ, ಗುಣಿಸಿ ಮೂರು ಹೊಸ ಪಟ್ಟಿ ಮಾಡಿಕೊಳ್ಳುತ್ತದೆ. ಕ್ವೆರಿ ಅಂದರೆ ‘ನನಗೆ ಎಂಥ ಪದ ಬೇಕು’ ಅನ್ನುವುದು. ಕೀ ಅಂದರೆ ‘ನಾನು ಎಂಥ ಪದ’ ಅನ್ನುವುದು. ವ್ಯಾಲ್ಯೂ ಅಂದರೆ ‘ನನ್ನನ್ನು ಆರಿಸಿಕೊಂಡರೆ ನಾನು ಕೊಡುವ ಮಾಹಿತಿ ಇದು’ ಅನ್ನುವುದು. ಆ ಮೂರು ಮ್ಯಾಟ್ರಿಕ್ಸ್‌ಗಳಲ್ಲಿ ಏನಿರಬೇಕು ಅಂತ ಯಾರೂ ಕೂತು ಬರೆಯುವುದಿಲ್ಲ, ಅವು ತರಬೇತಿಯಲ್ಲಿ ತಾನಾಗೇ ಮೂಡುತ್ತವೆ.

ಕೀ ಮತ್ತು ವ್ಯಾಲ್ಯೂ ಬೇರೆ ಬೇರೆ ಯಾಕೆ ಅಂತ ತುಂಬ ಜನ ಕೇಳುತ್ತಾರೆ. ನಮ್ಮ ವಾಕ್ಯವೇ ಇದಕ್ಕೆ ಉತ್ತರ. ‘ಹೋದ’ ಹುಡುಕುತ್ತಿರುವುದು ಕರ್ತೃವನ್ನು. ಸಿಕ್ಕಿದ ಮೇಲೆ ಅದಕ್ಕೆ ಬೇಕಾಗಿರುವುದು ಲಿಂಗ. ಹುಡುಕುವಾಗ ‘ಹೆಣ್ಣು ಎಲ್ಲಿ’ ಅಂತ ಹುಡುಕಿದರೆ ಕೆಲಸ ಕೆಡುತ್ತದೆ, ಯಾಕೆಂದರೆ ಕರ್ತೃ ಹೆಣ್ಣೋ ಗಂಡೋ ಅನ್ನುವುದೇ ಅದಕ್ಕೆ ಇನ್ನೂ ಗೊತ್ತಿಲ್ಲ. ಹುಡುಕುವ ಗುರುತು ಒಂದು, ತೆಗೆದುಕೊಳ್ಳುವ ಮಾಹಿತಿ ಇನ್ನೊಂದು. ಅದಕ್ಕೇ ಎರಡು ಪಟ್ಟಿ.

2017ರ ಮೂಲ ಮಾದರಿಯಲ್ಲಿ ಒಂದೊಂದು ಕ್ವೆರಿಯಲ್ಲೂ 64 ಸಂಖ್ಯೆ ಇದ್ದವು. ನಮಗೆ 4 ಸಾಕು. ಲೆಕ್ಕ ಅರ್ಥವಾಗಲಿ ಅಂತ ನಾಲ್ಕಕ್ಕೂ ನಾನೇ ಒಂದೊಂದು ಅರ್ಥ ಕೊಡುತ್ತೇನೆ: ಮೊದಲನೆಯದು ‘ಪ್ರಥಮಾ ವಿಭಕ್ತಿಯ ನಾಮಪದ’, ಎರಡನೆಯದು ‘ಮುಖ್ಯ ವಾಕ್ಯದ ಕರ್ತೃ ಇರಬಹುದು’, ಮೂರನೆಯದು ‘ವಸ್ತು’, ನಾಲ್ಕನೆಯದು ‘ಜಾಗ’. ನಿಜವಾದ ಮಾದರಿಯಲ್ಲಿ ಹೀಗೆ ಹೆಸರು ಬರೆದ ಖಾನೆಗಳು ಇರುವುದಿಲ್ಲ, ಒಂದು ಗುಣ ಹತ್ತಾರು ಸಂಖ್ಯೆಗಳಲ್ಲಿ ಹರಡಿಕೊಂಡಿರುತ್ತದೆ. ಇದೊಂದು ಸುಳ್ಳನ್ನು ಲೆಕ್ಕದ ಸಲುವಾಗಿ ಸಹಿಸಿಕೊಳ್ಳಿ.

‘ಹೋದ’ದ ಕ್ವೆರಿ: 2, 2, 0, 0. ಮೊದಲ ಎರಡು ಗುಣ ಬೇಕು, ಉಳಿದೆರಡು ಬೇಡ.

‘ತಂಗಿ’ಯ ಕೀ 2, 2, 0, 0. ‘ಅಣ್ಣ’ನದು 2, 0, 0, 0. ‘ಪುಸ್ತಕ’ದ್ದು 1, 0, 2, 0. ‘ಲೈಬ್ರರಿಗೆ’ ಪದದ್ದು 0, 0, 0, 2. ಉಳಿದವಕ್ಕೆಲ್ಲ ಸೊನ್ನೆ.

‘ಅಣ್ಣ’ನ ಎರಡನೇ ಖಾನೆಯಲ್ಲಿ ಸೊನ್ನೆ ಹಾಕಿದ್ದು ಯಾವ ಆಧಾರದ ಮೇಲೆ ಅಂತ ನಿಮಗೆ ಅನುಮಾನ ಬಂದಿದ್ದರೆ, ಒಳ್ಳೆಯ ಅನುಮಾನ. ಹೆಜ್ಜೆ 4ರಲ್ಲಿ ಅದಕ್ಕೇ ಬರುತ್ತೇನೆ.

ಹೆಜ್ಜೆ 2: ಅಂಕ, ಆಮೇಲೆ ಪಾಲು

‘ಹೋದ’ದ ಕ್ವೆರಿಯನ್ನು ಒಂದೊಂದು ಕೀ ಜೊತೆಗೂ ಖಾನೆಗೆ ಖಾನೆ ಗುಣಿಸಿ ಕೂಡಿ. ಇದೇ ಡಾಟ್ ಪ್ರಾಡಕ್ಟ್. ತಂಗಿಗೆ 4 + 4 = 8. ಅಣ್ಣನಿಗೆ 4. ಪುಸ್ತಕಕ್ಕೆ 2. ಲೈಬ್ರರಿಗೂ ಸೇರಿ ಉಳಿದ ಐದು ಪದಕ್ಕೆ ಸೊನ್ನೆ. ಆ ಐದರಲ್ಲಿ ‘ಹೋದ’ ಕೂಡ ಇದೆ, ಪದ ತನ್ನನ್ನೂ ತಾನು ನೋಡಿಕೊಳ್ಳುತ್ತದೆ.

ಈ ಅಂಕಗಳನ್ನು ಪಟ್ಟಿಯ ಉದ್ದದ ವರ್ಗಮೂಲದಿಂದ ಭಾಗಿಸಬೇಕು. ನಮ್ಮ ಉದ್ದ 4, ಅದರ ವರ್ಗಮೂಲ 2. ಹಾಗಾಗಿ 4, 2, 1, ಮತ್ತು ಐದು ಸೊನ್ನೆ. 64 ಸಂಖ್ಯೆ ಇದ್ದರೆ 8ರಿಂದ ಭಾಗಿಸುತ್ತಾರೆ. ಇದು ಸುಮ್ನೆ ಮಾಡುವ ಶಾಸ್ತ್ರವಲ್ಲ. ಪಟ್ಟಿ ಉದ್ದವಾದಷ್ಟೂ ಗುಣಿಸಿ ಕೂಡಿದ ಮೊತ್ತ ದೊಡ್ಡದಾಗುತ್ತದೆ, ಆಗ ಮುಂದಿನ ಲೆಕ್ಕದಲ್ಲಿ ಒಬ್ಬರೇ ಎಲ್ಲವನ್ನೂ ಬಾಚಿಕೊಂಡುಬಿಡುತ್ತಾರೆ. ತರಬೇತಿಯ ಶುರುವಿನಲ್ಲೇ ಹೀಗಾದರೆ ತಪ್ಪನ್ನು ತಿದ್ದಿಕೊಳ್ಳಲು ಬೇಕಾದ ಗ್ರೇಡಿಯೆಂಟ್ ಹೆಚ್ಚುಕಡಿಮೆ ಸೊನ್ನೆಯಾಗಿ ಮಾದರಿ ಕಲಿಯುವುದೇ ನಿಂತುಹೋಗುತ್ತದೆ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಅಂಕಗಳನ್ನು ಪಾಲುಗಳಾಗಿ ಮಾಡುವುದು ಸಾಫ್ಟ್‌ಮ್ಯಾಕ್ಸ್. 2.71828 ಅನ್ನುವ ಸಂಖ್ಯೆಯನ್ನು ಆಯಾ ಅಂಕದ ಘಾತಕ್ಕೆ ಏರಿಸಿ, ಬಂದದ್ದನ್ನು ಒಟ್ಟು ಮೊತ್ತದಿಂದ ಭಾಗಿಸಿ. ತಂಗಿಗೆ 54.60, ಅಣ್ಣನಿಗೆ 7.39, ಪುಸ್ತಕಕ್ಕೆ 2.72, ಉಳಿದ ಐದಕ್ಕೂ ತಲಾ 1. ಒಟ್ಟು 69.71. ಪಾಲು ಹಾಕಿದರೆ ತಂಗಿಗೆ 0.783, ಅಣ್ಣನಿಗೆ 0.106, ಪುಸ್ತಕಕ್ಕೆ 0.039, ಮಿಕ್ಕವಕ್ಕೆ ತಲಾ 0.014.

ತಂಗಿಯ ಅಂಕ ಅಣ್ಣನ ಎರಡರಷ್ಟಿತ್ತು, ಪಾಲು ಮಾತ್ರ ಏಳು ಪಟ್ಟನ್ನೂ ಮೀರಿತು. ಸಾಫ್ಟ್‌ಮ್ಯಾಕ್ಸ್ ನೋಡುವುದು ಅಂಕಗಳ ವ್ಯತ್ಯಾಸವನ್ನು, ಅನುಪಾತವನ್ನಲ್ಲ. ಇದನ್ನು ನೆನಪಿಡಿ, ಹೆಜ್ಜೆ 5ರಲ್ಲಿ ಬೇಕಾಗುತ್ತದೆ.

ಈ ಲೆಕ್ಕದಲ್ಲಿ ‘ಎಷ್ಟು ದೂರ’ ಅನ್ನುವ ಸಂಖ್ಯೆ ಎಲ್ಲೂ ಬರಲೇ ಇಲ್ಲ ಅನ್ನುವುದನ್ನೂ ಗಮನಿಸಿ. ಇಡೀ ಕಥೆಯ ಗುಟ್ಟು ಅದೇ.

ಹೆಜ್ಜೆ 3: ವ್ಯಾಲ್ಯೂಗಳನ್ನು ಬೆರೆಸುವುದು

ವ್ಯಾಲ್ಯೂವನ್ನು ಒಂದೇ ಸಂಖ್ಯೆ ಅಂತ ಇಟ್ಟುಕೊಳ್ಳೋಣ. ಹೆಣ್ಣಿಗೆ +1, ಗಂಡಿಗೆ −1, ಮಿಕ್ಕವಕ್ಕೆ 0. ಪಾಲುಗಳಿಂದ ಗುಣಿಸಿ ಕೂಡಿದರೆ 0.783 − 0.106 = 0.677. ಈ ಸಂಖ್ಯೆ ‘ಹೋದ’ದ ವೆಕ್ಟರ್‌ಗೆ ಸೇರಿಕೊಳ್ಳುತ್ತದೆ. ಅಂದರೆ ‘ಹೋದ’ ಈಗ ಬರೀ ‘ಹೋದ’ ಅಲ್ಲ, ‘ಹೋದ, ಬಹುಶಃ ಹೆಣ್ಣು’. ಮುಂದಿನ ತುಂಡಾಗಿ ‘ಳು’ ಬರಲು ಇಷ್ಟು ಒತ್ತಾಸೆ ಸಾಕು.

ಕೈಲೆಕ್ಕದ ಮೇಲೆ ನಂಬಿಕೆ ಇಲ್ಲದವರಿಗೆ ಕೋಡ್:

```python
import numpy as np

q = np.array([2, 2, 0, 0])
K = np.array([
    [2, 2, 0, 0],
    [2, 0, 0, 0],
    [0, 0, 0, 0],
    [1, 0, 2, 0],
    [0, 0, 0, 0],
    [0, 0, 0, 0],
    [0, 0, 0, 2],
    [0, 0, 0, 0],
])
v = np.array([1, -1, 0, 0, 0, 0, 0, 0])

s = K @ q / np.sqrt(4)
w = np.exp(s) / np.exp(s).sum()
print(w.round(3))
print((w @ v).round(3))
```

`K`ಯ ಸಾಲುಗಳು ವಾಕ್ಯದ ಪದಗಳ ಕ್ರಮದಲ್ಲೇ ಇವೆ. ಓಡಿಸಿದರೆ ಮೇಲಿನ ಪಾಲುಗಳು ಮತ್ತು 0.677 ಬರಬೇಕು.

ನಿಜವಾದ ಮಾದರಿ ಇಂಥ ಲೆಕ್ಕವನ್ನು ಒಂದೇ ಪದರದಲ್ಲಿ, ಅಂದರೆ ಲೆಕ್ಕದ ಒಂದೇ ಹಂತದಲ್ಲಿ, ಹಲವು ಸಲ, ಬೇರೆ ಬೇರೆ ಮ್ಯಾಟ್ರಿಕ್ಸ್‌ಗಳಿಂದ, ಏಕಕಾಲಕ್ಕೆ ಮಾಡುತ್ತದೆ. ಒಂದೊಂದಕ್ಕೂ ಹೆಡ್ ಅನ್ನುತ್ತಾರೆ. ಮೂಲ ಮಾದರಿಯಲ್ಲಿ ಪದರಕ್ಕೆ 8 ಹೆಡ್ ಇದ್ದವು. ಪಾಲುಗಳ ಮೊತ್ತ ಯಾವಾಗಲೂ 1, ಹಾಗಾಗಿ ಒಂದೇ ಹೆಡ್ ಇದ್ದರೆ ಕರ್ತೃವಿಗೆ ಕೊಟ್ಟ ಗಮನವನ್ನು ಜಾಗಕ್ಕೆ ಕೊಡಲು ಆಗುವುದಿಲ್ಲ. ಒಂದು ಹೆಡ್ ‘ಯಾರು ಹೋದರು’ ನೋಡಿದರೆ ಇನ್ನೊಂದು ‘ಎಲ್ಲಿಗೆ’ ನೋಡುತ್ತದೆ.

ಹೆಜ್ಜೆ 4: ಅಣ್ಣನನ್ನು ಹೊರಗಿಟ್ಟವರು ಯಾರು?

ಇದು ಬಹಳಷ್ಟು ವಿವರಣೆಗಳು ಹಾರಿಸಿಬಿಡುವ ಜಾಗ. ನನ್ನ ಪ್ರಕಾರ ಅಸಲಿ ವಿಷಯ ಇರುವುದೇ ಇಲ್ಲಿ.

ಕೋಡ್‌ನಲ್ಲಿ `K`ಯ ಮೊದಲ ಎರಡು ಸಾಲುಗಳನ್ನು ಅದಲು ಬದಲು ಮಾಡಿ, `v`ಯಲ್ಲೂ ಹಾಗೇ ಮಾಡಿ ಓಡಿಸಿ. ಉತ್ತರ ಮತ್ತೆ 0.677. ಅಂದರೆ ‘ಅಣ್ಣ ತಂಗಿ ಮರೆತ ಪುಸ್ತಕ ತರಲು…’ ಅಂದರೂ ಈ ಲೆಕ್ಕ ‘ಹೋದಳು’ ಅನ್ನುತ್ತದೆ. ತಪ್ಪು! ಅಟೆನ್ಶನ್‌ಗೆ ದೂರ ಕಾಣುವುದಿಲ್ಲ ಅಂತ ಖುಷಿಪಟ್ಟೆವು, ಆದರೆ ಅದೇ ಕಾರಣಕ್ಕೆ ಅದಕ್ಕೆ ಪದಗಳ ಕ್ರಮವೂ ಕಾಣುವುದಿಲ್ಲ. ಆದ್ದರಿಂದ ಕ್ರಮವನ್ನು ಹೊರಗಿನಿಂದ ಸೇರಿಸಬೇಕು. ಮೂಲ ಮಾದರಿಯಲ್ಲಿ ಪ್ರತಿ ಸ್ಥಾನಕ್ಕೂ ಸೈನ್–ಕೊಸೈನ್‌ಗಳಿಂದ ಮಾಡಿದ ಒಂದು ವೆಕ್ಟರ್ ಇತ್ತು, ಅದನ್ನು ಪದದ ವೆಕ್ಟರ್‌ಗೆ ಕೂಡುತ್ತಿದ್ದರು. ಈಗಿನ ಹಲವು ಮಾದರಿಗಳಲ್ಲಿ ಕ್ವೆರಿ ಮತ್ತು ಕೀಗಳನ್ನೇ ಸ್ಥಾನಕ್ಕೆ ತಕ್ಕಷ್ಟು ಕೋನ ತಿರುಗಿಸುತ್ತಾರೆ, ಅದಕ್ಕೆ ರೋಪ್ ಅಂತ ಹೆಸರು.

ಸ್ಥಾನ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಮಾಡುವುದು ಪದರಗಳು. ಟ್ರಾನ್ಸ್‌ಫಾರ್ಮರ್‌ನಲ್ಲಿ ಅಟೆನ್ಶನ್ ಒಂದೇ ಸಲ ನಡೆಯುವುದಿಲ್ಲ, ಒಂದರ ಮೇಲೊಂದು ಪದರದಲ್ಲಿ ನಡೆಯುತ್ತದೆ. ಕೆಳಗಿನ ಪದರದಲ್ಲಿ ‘ಅಣ್ಣ’ ಎಡಕ್ಕೆ ತಿರುಗಿ ನೋಡಿದಾಗ ಅಲ್ಲಿ ಆಗಲೇ ‘ತಂಗಿ’ ಅನ್ನುವ ಇನ್ನೊಂದು ಪ್ರಥಮಾ ವಿಭಕ್ತಿ ಕಾಣುತ್ತದೆ. ಕನ್ನಡ ಓದಿ ಕಲಿತ ಮಾದರಿಗೆ ಇಷ್ಟು ಸುಳಿವು ಸಾಕು: ‘ಮತ್ತು’ ಇಲ್ಲದೆ ಎರಡು ಕರ್ತೃ ಸಾಲಾಗಿ ನಿಂತರೆ, ಎರಡನೆಯದು ಒಳಗಿನ ಉಪವಾಕ್ಯದ್ದಾಗಿರುವ ಸಂಭವ ಹೆಚ್ಚು. ಅಣ್ಣನ ಎರಡನೇ ಖಾನೆಗೆ ಸೊನ್ನೆ ಬರಲು ಇದೊಂದು ದಾರಿ. ಆದರೆ ತಂಗಿಗೆ ಬಲಕ್ಕೆ ನೋಡಲು ಆಗುವುದಿಲ್ಲ. ಮುಂದಿನ ಪದ ಊಹಿಸುವ ಮಾದರಿಗಳಲ್ಲಿ ಬಲಗಡೆಯ ಪದಗಳಿಗೆ ಮುಸುಕು ಹಾಕಿರುತ್ತಾರೆ, ಇಲ್ಲದಿದ್ದರೆ ಉತ್ತರ ನೋಡಿಕೊಂಡು ಪರೀಕ್ಷೆ ಬರೆದ ಹಾಗಾಗುತ್ತದೆ.

ಈಗ ವಾಕ್ಯ ಸ್ವಲ್ಪ ತಿರುಗಿಸೋಣ. ‘ಅಣ್ಣ ಮರೆತ ಪುಸ್ತಕ ತರಲು ತಂಗಿ ಮತ್ತೆ ಲೈಬ್ರರಿಗೆ ಹೋದ…’ ಕನ್ನಡದಲ್ಲಿ ಇದೇ ಹೆಚ್ಚು ಸಹಜ. ಈಗ ಮೊದಲು ಬಂದವನು ಅಣ್ಣ. ಅವನು ಬಂದಾಗ ಎಡಕ್ಕೆ ಯಾರೂ ಇಲ್ಲ, ಹಾಗಾಗಿ ಅವನ ಕೀ ‘ನಾನೇ ಮುಖ್ಯ ಕರ್ತೃ’ ಅನ್ನುತ್ತದೆ. ಮುಂದೆ ‘ಮರೆತ’ ಬಂದು ಅದು ತಪ್ಪು ಅಂತ ಗೊತ್ತಾದರೂ, ಮುಸುಕಿನಿಂದಾಗಿ ಆ ಕೀ ಬದಲಾಗುವುದಿಲ್ಲ. ಹಾಗಾದರೆ ಮಾದರಿ ಸೋತಿತೇ? ಇಲ್ಲ. ‘ಮರೆತ’ ಅಣ್ಣನನ್ನು ನೋಡಿ ‘ನನ್ನ ಕರ್ತೃ ಇವನು’ ಅನ್ನುವ ಮಾಹಿತಿಯನ್ನು ತನ್ನ ಸ್ಥಾನದಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಬರುವ ‘ತಂಗಿ’ ಅದನ್ನು ಓದಿ ತನ್ನ ಕೀಯನ್ನು ಇನ್ನೂ ಗಟ್ಟಿ ಮಾಡಿಕೊಳ್ಳಬಹುದು. ‘ಹೋದ’ ಕೂಡ ಒಂದು ಪದರದಲ್ಲಿ ‘ಮರೆತ’ವನ್ನು ಓದಿಕೊಂಡು, ಮುಂದಿನ ಪದರದಲ್ಲಿ ‘ಅಣ್ಣನನ್ನು ಬಿಟ್ಟು ಬೇರೆ ಯಾರು’ ಅನ್ನುವ ಹೊಸ ಕ್ವೆರಿ ಕಟ್ಟಬಹುದು. ಕೀ ತಿದ್ದಲು ಆಗದಿದ್ದರೆ ಕ್ವೆರಿ ತಿದ್ದಿಕೊಳ್ಳುವುದು, ಅಷ್ಟೇ.

ಹಾಗಾಗಿ ‘ಒಂದೇ ನೆಗೆತ’ ಅನ್ನುವುದು ನಿಜವಾದರೂ, ಆ ನೆಗೆತ ಎಲ್ಲಿಗೆ ಅಂತ ಗೊತ್ತಾಗಲು ಒಂದೆರಡು ಪದರದ ತಯಾರಿ ಬೇಕು. ಒಂದೇ ಪದರದ ಮಾದರಿಗೆ ಈ ತಿರುಗಿಸಿದ ವಾಕ್ಯ ಕಷ್ಟವಾಗುವುದು ಅದಕ್ಕೇ.

ಹೆಜ್ಜೆ 5: ದೂರ ಕಾಡುವುದಿಲ್ಲ, ಜನಜಂಗುಳಿ ಕಾಡುತ್ತದೆ

‘ಎಷ್ಟು ದೂರವಾದರೂ ಪರವಾಗಿಲ್ಲ’ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ನಮ್ಮ ವಾಕ್ಯದ ನಡುವೆ ಅಂಕ ಸೊನ್ನೆ ಇರುವ 20 ಪದ ತುರುಕಿ. ಒಂದೊಂದೂ ಮೊತ್ತಕ್ಕೆ 1 ಸೇರಿಸುತ್ತದೆ, ಒಟ್ಟು 89.71 ಆಗುತ್ತದೆ. ತಂಗಿಯ ಪಾಲು 0.609ಕ್ಕೆ ಇಳಿಯಿತು. ಪರವಾಗಿಲ್ಲ. ಈಗ 1000 ಪದ ತುರುಕಿ. ಒಟ್ಟು 1069.71, ತಂಗಿಗೆ 0.051. ಅಣ್ಣನಿಗಿಂತ ಅವಳು ಈಗಲೂ ಏಳು ಪಟ್ಟು ಮುಂದಿದ್ದಾಳೆ, ಆದರೆ ಇಬ್ಬರ ದನಿಯೂ ಗದ್ದಲದಲ್ಲಿ ಮುಳುಗಿಹೋಯಿತು. ಯಾವ ಪದವೂ ತಾನಾಗಿ ಜಾಸ್ತಿ ತೂಕದ್ದಲ್ಲ, ಎಲ್ಲವೂ ಸೇರಿ ಪಾಲನ್ನು ತಿಂದುಹಾಕಿದವು.

ಇದರಿಂದ ತಪ್ಪಿಸಿಕೊಳ್ಳಲು ಅಂಕದ ಅಂತರ ದೊಡ್ಡದಾಗಬೇಕು. ಗುಂಪು ಹತ್ತು ಪಟ್ಟಾದರೆ ಭಾಗಿಸಿದ ಮೇಲಿನ ಅಂಕ ಸುಮಾರು 2.3 ಏರಿದರೆ ಸಾಕು, ಯಾಕೆಂದರೆ 2.718ರ 2.3ನೇ ಘಾತ ಸುಮಾರು 10. ತರಬೇತಿ ಪಡೆದ ಹೆಡ್‌ಗಳು ಇಂಥ ಅಂತರವನ್ನು ಕಲಿಯಬಲ್ಲವು. ಆದರೆ ಚಿಕ್ಕ ಪಠ್ಯಗಳಲ್ಲಿ ಮಾತ್ರ ಕಲಿತ ಮಾದರಿಗೆ ಏಕಾಏಕಿ ಉದ್ದನೆಯ ಪಠ್ಯ ಕೊಟ್ಟರೆ, ಅದು ಕಲಿತ ಅಂತರ ಸಾಲದೆ ಹೋಗಬಹುದು. ಖರ್ಚಿನ ಲೆಕ್ಕವೂ ಇದೆ. ಪ್ರತಿ ಪದವೂ ಪ್ರತಿ ಪದವನ್ನು ನೋಡುವುದರಿಂದ 1000 ಪದಕ್ಕೆ 10 ಲಕ್ಷ ಅಂಕ, 10,000 ಪದಕ್ಕೆ 10 ಕೋಟಿ, ಅದೂ ಒಂದು ಹೆಡ್‌ಗೆ. ಮುಸುಕಿನಿಂದ ಅದರಲ್ಲಿ ಸುಮಾರು ಅರ್ಧ ಬೇಡವಾಗುತ್ತದೆ, ಆದರೂ ಬೆಳೆಯುವ ವೇಗ ಅದೇ.

ಹೆಜ್ಜೆ 6: ನಿಜವಾದ ಮಾದರಿಯಲ್ಲಿ ಪರೀಕ್ಷಿಸುವುದು

ಹಗ್ಗಿಂಗ್ ಫೇಸ್‌ನ `transformers` ಲೈಬ್ರರಿಯಲ್ಲಿ ಮಾದರಿಯನ್ನು `attn_implementation="eager"` ಅಂತ ಲೋಡ್ ಮಾಡಿ, ಓಡಿಸುವಾಗ `output_attentions=True` ಕೊಟ್ಟರೆ ಪ್ರತಿ ಹೆಡ್‌ನ ಪಾಲುಗಳೂ ಕೈಗೆ ಸಿಗುತ್ತವೆ. ಬಣ್ಣ ಬಣ್ಣದ ಚೌಕ ಬಿಡಿಸಿ ‘ನೋಡಿ, ಹೋದ ತಂಗಿಯನ್ನು ನೋಡುತ್ತಿದೆ’ ಅಂತ ಹೇಳುವ ಆಸೆಯಾಗುತ್ತದೆ. ಸ್ವಲ್ಪ ತಡೆಯಿರಿ. ಎಷ್ಟೋ ಹೆಡ್‌ಗಳು ಹೇಳಿಕೊಳ್ಳುವ ಕೆಲಸ ಇಲ್ಲದಾಗ ತಮ್ಮ ಪಾಲನ್ನೆಲ್ಲ ಮೊಟ್ಟಮೊದಲ ಟೋಕನ್ ಮೇಲೆ ಸುರಿಯುತ್ತವೆ, ಮೊತ್ತ 1 ಆಗಲೇಬೇಕಲ್ಲ. ನಮ್ಮ ವಾಕ್ಯದಲ್ಲಿ ಮೊಟ್ಟಮೊದಲ ಪದವೇ ತಂಗಿ! ಕರ್ತೃ ಅಂತ ನೋಡಿತೋ, ಮೊದಲ ಟೋಕನ್ ಅಂತ ನೋಡಿತೋ ಹೇಳಲಾಗದು. ವಾಕ್ಯದ ಮುಂದೆ ಬೇರೊಂದು ಚಿಕ್ಕ ವಾಕ್ಯ ಸೇರಿಸಿ ಆಮೇಲೆ ನೋಡಿ.

ಟೋಕನ್‌ಗಳನ್ನೂ ಒಮ್ಮೆ ಪ್ರಿಂಟ್ ಮಾಡಿಕೊಳ್ಳಿ. ಕೊನೆಯ ‘ಳು’ ಒಂದನ್ನು ಬಿಟ್ಟರೆ, ನಾನು ಇಲ್ಲಿ ಪದಕ್ಕೊಂದು ಟೋಕನ್ ಅಂತ ಹಿಡಿದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ತಂಗಿ’ಯಲ್ಲಿ ಅಂಥ ನಾಲ್ಕು ಸಂಕೇತಗಳಿವೆ, ಒಟ್ಟು 12 ಬೈಟ್. ಕನ್ನಡವನ್ನು ಹೆಚ್ಚು ಕಾಣದ ಟೋಕನೈಸರ್ ಆ ಒಂದು ಪದವನ್ನೇ ಹಲವು ಚೂರು ಮಾಡಬಹುದು. ಆಗ ದೂರವೂ ಬೆಳೆಯುತ್ತದೆ, ಚೂರುಗಳನ್ನು ಮತ್ತೆ ಪದವಾಗಿ ಜೋಡಿಸಲು ಒಂದೆರಡು ಪದರವೂ ಖರ್ಚಾಗುತ್ತದೆ.

ಬಣ್ಣದ ಚೌಕಗಳಿಗಿಂತ ನಾನು ನಂಬುವುದು ಪದ ಬದಲಾಯಿಸುವ ಪರೀಕ್ಷೆಯನ್ನು. ಇದಕ್ಕೆ ‘ಹೋದ’ ಬೇಡ. ಗಂಡಸಿಗೆ ‘ಹೋದ’ ಅಂತಲೇ ವಾಕ್ಯ ಮುಗಿಸಬಹುದಾದ್ದರಿಂದ ‘ನು’ಗೆ ಸಿಗುವ ಸಂಭವ ಕಡಿಮೆ ಬಂದು ಹೋಲಿಕೆ ಕೆಡುತ್ತದೆ. ‘ಹೋಗುತ್ತಾಳೆ’ ಮತ್ತು ‘ಹೋಗುತ್ತಾನೆ’ ಇಟ್ಟುಕೊಳ್ಳಿ. ಎರಡಕ್ಕೂ, ಮಾದರಿ ಒಂದೊಂದು ಟೋಕನ್‌ಗೆ ಕೊಡುವ ಸಂಭವನೀಯತೆಯ ಲಾಗರಿದಮ್ ಕೂಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಈಗ ವಾಕ್ಯದಲ್ಲಿ ‘ತಂಗಿ’ ತೆಗೆದು ‘ಹುಡುಗ’ ಹಾಕಿದರೆ ಆ ವ್ಯತ್ಯಾಸ ಧನದಿಂದ ಋಣಕ್ಕೆ ತಿರುಗಬೇಕು. ‘ತಂಗಿ’ಯನ್ನು ಹಾಗೇ ಬಿಟ್ಟು ‘ಅಣ್ಣ’ನ ಜಾಗಕ್ಕೆ ‘ಅಕ್ಕ’ ಹಾಕಿದರೆ ಹೆಚ್ಚು ಅಲುಗಾಡಬಾರದು. ‘ತಮ್ಮ’ ಅನ್ನುವ ಪದ ಮಾತ್ರ ಬಳಸಬೇಡಿ, ‘ತಮ್ಮ ಪುಸ್ತಕ’ದ ‘ತಮ್ಮ’ ಅಂತ ಮಾದರಿ ಓದಿಕೊಂಡರೆ ಪರೀಕ್ಷೆಯೇ ಹಾಳು.

ಎರಡನೇ ಬದಲಾವಣೆಗೆ ಫಲಿತಾಂಶ ಜೋರಾಗಿ ಅಲುಗಾಡಿದರೆ, ಆ ಮಾದರಿ ಹತ್ತಿರದ ಹೆಸರಿನ ಲಿಂಗವನ್ನೂ ಬೆರೆಸಿಕೊಳ್ಳುತ್ತಿದೆ ಅಂತ ಅರ್ಥ. ಆಗ ತಿರುಗಿಸಿದ ವಾಕ್ಯವನ್ನೂ ಕೊಟ್ಟು ನೋಡಿ. ಅಲ್ಲಿ ‘ಹೋಗುತ್ತಾಳೆ’ಗೆ ಹತ್ತಿರ ಇರುವುದು ತಂಗಿಯೇ. ಅದನ್ನು ಸರಿ ಮಾಡಿ ಮೊದಲನೆಯದನ್ನು ತಪ್ಪಿದರೆ ಮಾದರಿ ಹತ್ತಿರದ ಹೆಸರನ್ನು ಹಿಡಿಯುತ್ತಿದೆ. ಮೊದಲನೆಯದನ್ನು ಸರಿ ಮಾಡಿ ಇದನ್ನು ತಪ್ಪಿದರೆ, ವಾಕ್ಯದಲ್ಲಿ ಮೊದಲು ಬಂದ ಹೆಸರನ್ನು ಹಿಡಿಯುತ್ತಿದೆ.